ಬೆಂಗಳೂರಿನ ಚಳಿಯಿಂದ ಮುಂಬೈ ಸೆಕೆಗೆ: ಎರಡು ವಾರದಲ್ಲಿ ಮೈ ಒಗ್ಗಿಸುವ ಬಗೆ

ಜನವರಿಯ ಮೂರನೇ ಭಾನುವಾರ ನಡೆಯುವ ಮುಂಬೈ ಮ್ಯಾರಥಾನ್‌ಗೆ ಬೆಂಗಳೂರಿನಿಂದ ಪ್ರತಿವರ್ಷ ದೊಡ್ಡ ತಂಡವೇ ಹೊರಡುತ್ತದೆ. ಹವಾಮಾನದ ಅಂಕಿಗಳನ್ನಷ್ಟೇ ನೋಡಿದರೆ ಚಿಂತಿಸುವಂಥದ್ದೇನೂ ಕಾಣುವುದಿಲ್ಲ. ಆ ತಿಂಗಳಲ್ಲಿ ಬೆಂಗಳೂರಿನ ಗರಿಷ್ಠ ಉಷ್ಣಾಂಶ 28 ಡಿಗ್ರಿ ಆಸುಪಾಸು, ಮುಂಬೈಯದು 30 ಅಥವಾ 31. ಇಷ್ಟು ಸಣ್ಣ ಅಂತರಕ್ಕೆ ಇಲ್ಲಿ ಚೆನ್ನಾಗಿ ತಯಾರಾದವರು ಅಲ್ಲಿ ಮೂವತ್ತನೇ ಕಿಲೋಮೀಟರ್ ಹೊತ್ತಿಗೆ ಯಾಕೆ ನಡೆಯಲು ತೊಡಗುತ್ತಾರೆ?

ಉತ್ತರ ಇರುವುದು ನಾವು ಓಡುವ ಹೊತ್ತಿನಲ್ಲಿ. ಬೆಂಗಳೂರಿನವರು ಡಿಸೆಂಬರ್ ಪೂರ್ತಿ ಬೆಳಗ್ಗೆ ಐದೂವರೆಗೆ ಕಬ್ಬನ್ ಪಾರ್ಕ್ ಸುತ್ತ ಓಡುವಾಗ ಗಾಳಿ 15–16 ಡಿಗ್ರಿ ಇರುತ್ತದೆ. ಬಿಸಿಲು ಏರುವಷ್ಟರಲ್ಲಿ ಅವರ ಓಟ ಮುಗಿದು, ಇಡ್ಲಿ ತಿಂದು ಮನೆ ಸೇರಿರುತ್ತಾರೆ. ಮುಂಬೈ ಪೂರ್ಣ ಮ್ಯಾರಥಾನ್ ಶುರುವಾಗುವುದು ಬೆಳಗ್ಗೆ ಐದಕ್ಕೆ, ಅಲ್ಲಿ ಸೂರ್ಯ ಹುಟ್ಟುವುದು ಏಳೂಕಾಲಿಗೆ. ನಾಲ್ಕೂವರೆ ಗಂಟೆಯಲ್ಲಿ ಮುಗಿಸುವವರು ಕೊನೆಯ ಎರಡು ಗಂಟೆಗಿಂತ ಹೆಚ್ಚು ಕಾಲ ಬಿಸಿಲಲ್ಲೇ ಇರುತ್ತಾರೆ, ಅದೂ ಮೈ ದಣಿದಿರುವ ಹೊತ್ತಿನಲ್ಲಿ. ಜೊತೆಗೆ ಕಡಲತೀರದ ತೇವಾಂಶ ಬೇರೆ. ಬಿಸಿಲಿಗಿಂತಲೂ ಹೆಚ್ಚು ಕಾಡುವುದು ಈ ತೇವಾಂಶವೇ.

ಲೆಕ್ಕ ಹಾಕಿ ನೋಡೋಣ. 64 ಕಿಲೋ ತೂಕದ, ನಾಲ್ಕೂವರೆ ಗಂಟೆಯ ಗುರಿ ಇಟ್ಟುಕೊಂಡ ಓಟಗಾರ್ತಿಯೊಬ್ಬರನ್ನು ಊಹಿಸಿಕೊಳ್ಳಿ. ಈ ಲೇಖನದುದ್ದಕ್ಕೂ ಅವರೇ ನಮ್ಮ ಉದಾಹರಣೆ. ಓಟದಲ್ಲಿ ಒಂದು ಕಿಲೋ ತೂಕಕ್ಕೆ, ಒಂದು ಕಿಲೋಮೀಟರಿಗೆ, ಸುಮಾರು ಒಂದು ಕಿಲೋ ಕ್ಯಾಲೊರಿ ಖರ್ಚಾಗುತ್ತದೆ. ಅವರ ವೇಗಕ್ಕೆ ಗಂಟೆಗೆ 600 ಕಿಲೋ ಕ್ಯಾಲೊರಿ. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬರೀ ಶಾಖವಾಗಿ ಹೊಮ್ಮುತ್ತದೆ, ಅಂದರೆ ಗಂಟೆಗೆ 470ರಷ್ಟು. ಒಂದು ಲೀಟರ್ ಬೆವರು ಚರ್ಮದ ಮೇಲೆಯೇ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಹಾಗಾಗಿ ಬೆಂಗಳೂರಿನ ಒಣ ಹವೆಯಲ್ಲಿ ಗಂಟೆಗೆ 800 ಮಿಲಿಗಿಂತ ತುಸು ಹೆಚ್ಚು ಬೆವರು ಪೂರ್ತಿ ಆರಿಬಿಟ್ಟರೆ ಸಾಕು, ಲೆಕ್ಕ ಚುಕ್ತಾ. ಮುಂಬೈಯಲ್ಲಿ ಬೆವರು ಪೂರ್ತಿ ಆರುವುದಿಲ್ಲ. ಮೊಣಕೈಯಿಂದ ತೊಟ್ಟಿಕ್ಕಿ ರಸ್ತೆಗೆ ಬೀಳುತ್ತದೆ. ಹಾಗೆ ಬಿದ್ದ ಹನಿ ಮೈಯಿಂದ ನೀರನ್ನೂ ಉಪ್ಪನ್ನೂ ಕಿತ್ತುಕೊಂಡು ಹೋಯಿತೇ ಹೊರತು ಮೈಯನ್ನು ಇಷ್ಟೂ ತಂಪು ಮಾಡಲಿಲ್ಲ. ಒಳಗಿನ ಬಿಸಿ ಏರಿದಂತೆ ಚರ್ಮದ ಕಡೆಗೆ ಹೆಚ್ಚು ರಕ್ತ ಹರಿಯಬೇಕಾಗುತ್ತದೆ. ಕಾಲಿಗೂ ರಕ್ತ ಬೇಕು, ಚರ್ಮಕ್ಕೂ ಬೇಕು. ಹೃದಯ ಹೆಚ್ಚು ಬಡಿದು ಎರಡನ್ನೂ ಸರಿದೂಗಿಸಲು ನೋಡುತ್ತದೆ, ಆಗದಿದ್ದಾಗ ವೇಗ ತಾನಾಗಿಯೇ ಕುಸಿಯುತ್ತದೆ.

ಇದಕ್ಕೆ ಮದ್ದು ದೇಹದಲ್ಲೇ ಇದೆ. ದಿನವೂ ಒಂದು ಗಂಟೆಯ ಹೊತ್ತು ಒಳಗಿನ ಉಷ್ಣಾಂಶ 38.5 ಡಿಗ್ರಿಯ ಆಚೀಚೆಗೆ ಏರಿ ಅಲ್ಲೇ ನಿಂತರೆ ದೇಹ ತನ್ನ ವ್ಯವಸ್ಥೆಯನ್ನೇ ಬದಲಿಸಿಕೊಳ್ಳಲು ತೊಡಗುತ್ತದೆ. ಮೊದಲ ನಾಲ್ಕೈದು ದಿನದಲ್ಲಿ ರಕ್ತದ ದ್ರವಭಾಗ, ಅಂದರೆ ಪ್ಲಾಸ್ಮಾ, ಹೆಚ್ಚುತ್ತದೆ. ಹೀಗಾಗಿ ಕಾಲಿಗೂ ಚರ್ಮಕ್ಕೂ ಹಂಚಲು ಹೆಚ್ಚು ರಕ್ತ ಸಿಕ್ಕಿ, ಅದೇ ವೇಗಕ್ಕೆ ಹೃದಯಬಡಿತ ಇಳಿಯುತ್ತದೆ. ವಾರ ಕಳೆಯುವಷ್ಟರಲ್ಲಿ ವಿಶ್ರಾಂತಿಯಲ್ಲಿರುವಾಗಿನ ದೇಹದ ಉಷ್ಣಾಂಶವೂ ತುಸು ಕೆಳಗಿಳಿದು, ಬಿಸಿ ಏರಲು ಹೆಚ್ಚು ಅವಕಾಶ ಸಿಗುತ್ತದೆ. ಬೆವರುವುದು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ. ಬೆವರಿನ ಉಪ್ಪು ಕಡಿಮೆಯಾಗುತ್ತದೆ. ಈ ಕೊನೆಯ ಬದಲಾವಣೆಗಳು ಪಕ್ವವಾಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಎರಡು ವಾರ ಎಂಬ ಲೆಕ್ಕ ಬಂದದ್ದು ಇಲ್ಲಿಂದ. ದಕ್ಷಿಣ ಆಫ್ರಿಕಾದ ಆಳವಾದ ಚಿನ್ನದ ಗಣಿಗಳಲ್ಲಿ ಹೊಸ ಕಾರ್ಮಿಕರನ್ನು ಕೆಳಗಿಳಿಸುವ ಮೊದಲು ಹೀಗೆ ದಿನದಿನಕ್ಕೂ ಬಿಸಿಗೆ ಒಡ್ಡಿ ಒಗ್ಗಿಸುತ್ತಿದ್ದರು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ನಮ್ಮ ಕೆಜಿಎಫ್‌ನ ಗಣಿಯಾಳುಗಳಿಗೂ ಧಗೆಯೇ ದೊಡ್ಡ ವೈರಿಯಾಗಿತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಒಗ್ಗಿಸುವ ಕೆಲಸ ಮಾಡುವುದು ಒಳಗಿನ ಬಿಸಿ, ವೇಗವಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಗುರಿಯ ವೇಗದಲ್ಲೇ ಓಡಿ ಬಸವಳಿದು ಬಂದರೆ ಹೆಚ್ಚು ಲಾಭವೆಂದು ಅನೇಕರು ನಂಬಿದ್ದಾರೆ. ಅವರಿಗೆ ಸಿಗುವುದು ದಣಿದ ಕಾಲು ಮಾತ್ರ. ಓಟಕ್ಕೆ ಮುಂಚಿನ ಎರಡು ವಾರ ಹೇಗೂ ದೂರ ಕಡಿಮೆ ಮಾಡುವ ಕಾಲ, ಓಟಗಾರರು ಟೇಪರ್ ಎನ್ನುವ ಅವಧಿ. ಬಿಸಿಯ ಅಭ್ಯಾಸವನ್ನು ಆ ಇಳಿಕೆಯೊಳಗೆ ಕೂರಿಸಬೇಕು, ಅದರ ಮೇಲೆ ಹೇರಬಾರದು. ಬಿಸಿಯಲ್ಲಿ ಕಳೆದ ಪ್ರತಿ ದಿನವನ್ನೂ ಒಂದು ಮಧ್ಯಮ ಕಠಿಣ ದಿನವೆಂದೇ ಲೆಕ್ಕಕ್ಕೆ ಹಿಡಿಯಬೇಕು.

ಬೆಂಗಳೂರಿನ ಜನವರಿಯಲ್ಲಿ ಬಿಸಿಯನ್ನು ತರುವುದೆಲ್ಲಿಂದ ಎಂಬುದು ಮುಂದಿನ ಪ್ರಶ್ನೆ. ಸುಲಭದ ದಾರಿ, ಬೆಳಗ್ಗೆ ಹನ್ನೊಂದೂವರೆಯ ಹೊತ್ತಿಗೆ ತುಂಬುತೋಳಿನ ಟೀಶರ್ಟ್, ಅದರ ಮೇಲೊಂದು ತೆಳು ವಿಂಡ್‌ಚೀಟರ್, ಉದ್ದದ ಪ್ಯಾಂಟ್ ಹಾಕಿಕೊಂಡು ನಿಧಾನವಾಗಿ ಓಡುವುದು. ಹೊರಗೆ 26 ಡಿಗ್ರಿ ಇದ್ದರೂ ಜಾಕೆಟ್ಟಿನೊಳಗೆ ಬೆವರು ಆರದೆ ಮುಂಬೈಯಂಥದ್ದೇ ಸೆಕೆ ಹುಟ್ಟುತ್ತದೆ. ಗಾಳಿಯಾಡದ ರಬ್ಬರ್ ಸೂಟುಗಳನ್ನು ಮಾತ್ರ ಮುಟ್ಟಬೇಡಿ, ಅದರಲ್ಲಿ ಬಿಸಿ ಎಷ್ಟು ಬೇಗ ಏರುತ್ತಿದೆ ಎಂಬುದು ತಿಳಿಯುವುದೇ ಇಲ್ಲ.

ಎರಡನೆಯ ದಾರಿ ಬಿಸಿನೀರಿನ ತೊಟ್ಟಿ. ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದ ತಂಡವೊಂದು 2016ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ, ಯಾಕೆಂದರೆ ತಂಪು ಊರಿನಲ್ಲಿರುವವರಿಗೆ ಅದು ಬಾಗಿಲು ತೆರೆದುಕೊಟ್ಟಿತು. ಓಟಗಾರರು 18 ಡಿಗ್ರಿಯ ತಂಪಿನಲ್ಲೇ 40 ನಿಮಿಷ ಓಡಿದರು. ಕೂಡಲೇ 40 ಡಿಗ್ರಿಯ ನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿ ಹೆಚ್ಚೆಂದರೆ 40 ನಿಮಿಷ ಕುಳಿತರು. ಹೀಗೆ ಆರು ದಿನ ಮಾಡಿದ ಮೇಲೆ 33 ಡಿಗ್ರಿಯಲ್ಲಿ ನಡೆಸಿದ 5 ಕಿಲೋಮೀಟರ್ ಓಟದಲ್ಲಿ ಅವರ ಸಮಯ ಶೇ 4.9ರಷ್ಟು ಸುಧಾರಿಸಿತು. ತಂಪಿನಲ್ಲಿ ಓಡಿಸಿದಾಗ ಸುಧಾರಣೆ ಕಾಣಲಿಲ್ಲ ಎಂಬುದನ್ನೂ ಮರೆಯಬಾರದು. ಓಟದಲ್ಲಿ ಏರಿದ ಬಿಸಿ ಇಳಿಯದಂತೆ ನೀರು ಹಿಡಿದಿಡುವುದೇ ಇದರ ಗುಟ್ಟು. ಹಾಗಾಗಿ ಬಕೆಟ್ ಸ್ನಾನದಿಂದ ಈ ಕೆಲಸ ಆಗುವುದಿಲ್ಲ. ಸುರಿದುಕೊಂಡ ನೀರು ಮರುಕ್ಷಣವೇ ಆರಿ ಮೈ ತಣಿಯುತ್ತದೆ. ಬಾತ್‌ಟಬ್ ಇಲ್ಲದವರು ದೊಡ್ಡ ಪ್ಲಾಸ್ಟಿಕ್ ತೊಟ್ಟಿಯನ್ನೋ ಗಾಳಿ ತುಂಬುವ ಟಬ್ಬನ್ನೋ ಬಳಸಬಹುದು. ಉಷ್ಣಮಾಪಕ ಇಲ್ಲದೆ ಮಾತ್ರ ಕೂರಬೇಡಿ. ನೀರು 40 ಡಿಗ್ರಿ ದಾಟಬಾರದು, ಮೊದಲ ದಿನ 15 ನಿಮಿಷ ಸಾಕು, ಮನೆಯಲ್ಲಿ ಇನ್ನೊಬ್ಬರು ಇರಲೇಬೇಕು. ಏಳುವಾಗ ಒಮ್ಮೆಲೇ ಎದ್ದರೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಾಗುತ್ತದೆ. ಮೊದಲು ತೊಟ್ಟಿಯ ಅಂಚಿನಲ್ಲಿ ಎರಡು ನಿಮಿಷ ಕುಳಿತು ಆಮೇಲೆ ಏಳಬೇಕು.

ಮೂರನೆಯ ದಾರಿ ಎಲ್ಲಕ್ಕಿಂತ ಒಳ್ಳೆಯದು, ರಜೆ ಸಿಕ್ಕವರಿಗೆ ಮಾತ್ರ. ಮಂಗಳೂರಿನಲ್ಲೋ ಉಡುಪಿಯಲ್ಲೋ ನೆಂಟರ ಮನೆ ಇದ್ದರೆ ಒಂದು ವಾರ ಅಲ್ಲಿದ್ದು ಬನ್ನಿ. ಜನವರಿಯಲ್ಲೂ ಕರಾವಳಿಯ ಹಗಲು 32 ಡಿಗ್ರಿ ಮುಟ್ಟುತ್ತದೆ, ತೇವಾಂಶ ಮುಂಬೈಗೆ ಸಮ. ಅಲ್ಲಿ ಹೋಗಿ ದಿನವಿಡೀ ಎಸಿ ಕೋಣೆಯಲ್ಲಿ ಕುಳಿತರೆ ಹೋದದ್ದು ವ್ಯರ್ಥ.

ನಮ್ಮ ಓಟಗಾರ್ತಿಗೆ ರಜೆ ಇಲ್ಲ, ತೊಟ್ಟಿಯೂ ಇಲ್ಲ ಎಂದುಕೊಳ್ಳೋಣ. ಅವರಿಗೆ ಉಳಿದಿರುವುದು ಜಾಕೆಟ್ಟಿನ ದಾರಿ. ಓಟಕ್ಕೆ ಎರಡು ವಾರ ಮುಂಚಿನ ಭಾನುವಾರ ಅವರು ಕೊನೆಯ ಉದ್ದದ ಓಟವನ್ನು, 20 ಕಿಲೋಮೀಟರಿನಷ್ಟನ್ನು, ಎಂದಿನಂತೆ ಮುಂಜಾನೆಯ ತಂಪಿನಲ್ಲಿ ಮುಗಿಸುತ್ತಾರೆ. ಸೋಮವಾರ ಜಾಕೆಟ್ ಹಾಕಿಕೊಂಡು 35 ನಿಮಿಷ. ನೋಡಬೇಕಾದದ್ದು ವೇಗವನ್ನಲ್ಲ, ಕೈಗಡಿಯಾರದಲ್ಲಿ ಹೃದಯಬಡಿತವನ್ನು. ತಂಪಿನಲ್ಲಿ ಆರಾಮಾಗಿ ಓಡುವಾಗ ನಿಮಿಷಕ್ಕೆ 135 ಇರುತ್ತಿದ್ದರೆ ಇಲ್ಲೂ 135ರಲ್ಲೇ ನಿಲ್ಲಿಸಬೇಕು, ವೇಗ ಎಷ್ಟು ಬೇಕಾದರೂ ಬೀಳಲಿ. ನಡೆಯಬೇಕಾಗಿ ಬಂದರೂ ತಪ್ಪಿಲ್ಲ. ಓಡಿ ಮುಗಿಸಿ ಕೂಡಲೇ ಫ್ಯಾನಿನ ಕೆಳಗೆ ಕೂರದೆ, ಜಾಕೆಟ್ಟಿನಲ್ಲೇ ಹತ್ತು ನಿಮಿಷ ನೆರಳಲ್ಲಿ ಅಡ್ಡಾಡುತ್ತಾರೆ. ಈ ಹತ್ತು ನಿಮಿಷವೂ ಒಗ್ಗುವ ಲೆಕ್ಕಕ್ಕೇ ಸೇರುತ್ತದೆ.

ಮಂಗಳವಾರ 45, ಬುಧವಾರ 50, ಗುರುವಾರ 60 ನಿಮಿಷ. ಶುಕ್ರವಾರ ಬಿಸಿಗೆ ರಜೆ. ಮುಂಜಾನೆ ತಂಪಿನಲ್ಲಿ ಗುರಿಯ ವೇಗದಲ್ಲಿ ಐದಾರು ಕಿಲೋಮೀಟರ್ ಮಾತ್ರ. ಕಾಲಿಗೆ ವೇಗದ ನೆನಪು ಉಳಿಯಬೇಕಾದರೆ ಇಂಥ ಓಟ ಬೇಕು, ಅದನ್ನು ಬಿಸಿಯೊಂದಿಗೆ ಬೆರೆಸಬಾರದು. ಶನಿವಾರ, ಭಾನುವಾರ ಮತ್ತೆ ಬಿಸಿಯಲ್ಲಿ ಅರವತ್ತರಿಂದ ಎಪ್ಪತ್ತು ನಿಮಿಷ. ಎರಡನೆಯ ವಾರ ಸೋಮವಾರ ವಿಶ್ರಾಂತಿ, ಮಂಗಳವಾರ 50 ನಿಮಿಷ, ಬುಧವಾರ ತಂಪಿನಲ್ಲಿ ಗುರಿಯ ವೇಗದ ಮೂರು ಕಿಲೋಮೀಟರ್, ಗುರುವಾರ ಕೊನೆಯ ಸಲ ಬಿಸಿಯಲ್ಲಿ 40 ನಿಮಿಷ. ಶುಕ್ರವಾರ ಪ್ರಯಾಣ, ಶನಿವಾರ ಕಾಲು ಸಡಿಲಿಸುವ ಇಪ್ಪತ್ತು ನಿಮಿಷ, ಭಾನುವಾರ ಓಟ. ಹೀಗೆ ಬಿಸಿಯ ಅಭ್ಯಾಸ ಒಟ್ಟು ಎಂಟು ಬಾರಿ ಸಿಗುತ್ತದೆ. ಮೊದಲ ವಾರ ದಟ್ಟವಾಗಿ, ಎರಡನೆಯ ವಾರ ಪಡೆದದ್ದು ಸೋರಿಹೋಗದಷ್ಟು ಮಾತ್ರ.

ಇದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ? ಕಂಕುಳಿನ ಥರ್ಮಾಮೀಟರ್ ಇಲ್ಲಿ ನೆಚ್ಚಿಕೆಯದಲ್ಲ. ಬೆವರಿದ ಚರ್ಮ ಒಳಗಿನ ಬಿಸಿಯನ್ನು ಹೇಳುವುದಿಲ್ಲ. ಅದೇ ದಾರಿ, ಅದೇ ಹೊತ್ತು, ಅದೇ ಬಟ್ಟೆ, ಅದೇ 135 ಬಡಿತ ಇಟ್ಟುಕೊಂಡು ವೇಗವನ್ನು ಹೋಲಿಸಿ ನೋಡಿ. ಮೊದಲ ದಿನ ಕಿಲೋಮೀಟರಿಗೆ 7 ನಿಮಿಷ 50 ಸೆಕೆಂಡ್ ತಗುಲಿದ್ದದ್ದು ಏಳನೇ ದಿನಕ್ಕೆ 7 ನಿಮಿಷ 20 ಸೆಕೆಂಡಿಗೆ ಬಂದರೆ ಒಳಗೆ ಪ್ಲಾಸ್ಮಾ ಹೆಚ್ಚಿದೆ ಎಂದೇ ಅರ್ಥ. ಬೇರೆ ರೀತಿಯಲ್ಲಿ ನೋಡುವುದಾದರೆ, ಒಂದೇ ವೇಗಕ್ಕೆ ಬಡಿತ ಹತ್ತು ಹದಿನೈದು ಕಡಿಮೆಯಾಗಿರುತ್ತದೆ. ಟೋಪಿಯ ಅಂಚಿನಲ್ಲಿ ಒಣಗಿದ ಬಿಳಿ ಉಪ್ಪಿನ ಗೆರೆ ದಿನದಿಂದ ದಿನಕ್ಕೆ ತೆಳುವಾಗುವುದನ್ನೂ ಕಣ್ಣಾರೆ ಕಾಣಬಹುದು. ಈ ದಿನಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಅಂಕಿ ತುಸು ಇಳಿದಂತೆ ಕಾಣಬಹುದು. ದ್ರವ ಹೆಚ್ಚಿ ರಕ್ತ ತೆಳುವಾದದ್ದೂ ಅದಕ್ಕೆ ಕಾರಣವಿರಬಹುದು, ಪರೀಕ್ಷೆ ಬರೆದ ವೈದ್ಯರಿಗೆ ಈ ಅಭ್ಯಾಸದ ವಿಷಯ ತಿಳಿಸಿ.

ನೀರಿನ ಲೆಕ್ಕಕ್ಕೆ ಬೇಕಾದದ್ದು ಮನೆಯ ತೂಕದ ಯಂತ್ರ ಒಂದೇ. ಗುರುವಾರದ 60 ನಿಮಿಷದ ಓಟಕ್ಕೆ ಮುಂಚೆ, ಮೂತ್ರಕ್ಕೆ ಹೋಗಿ ಬಂದು, ಬಟ್ಟೆಯಿಲ್ಲದೆ ತೂಗಿದಾಗ 64.0 ಕಿಲೋ. ಓಡಿ ಬಂದು ಬೆವರು ಒರೆಸಿಕೊಂಡು ತೂಗಿದಾಗ 63.0. ನಡುವೆ ಕುಡಿದದ್ದು 250 ಮಿಲಿ. ಹಾಗಾದರೆ ಆ ಒಂದು ಗಂಟೆಯಲ್ಲಿ ಹೋದ ಬೆವರು ಒಂದೂಕಾಲು ಲೀಟರ್. ಕಳೆದ ಪ್ರತಿ ಕಿಲೋಗೆ ಒಂದೂಕಾಲರಿಂದ ಒಂದೂವರೆ ಲೀಟರ್ ದ್ರವವನ್ನು ಮುಂದಿನ ಮೂರು ನಾಲ್ಕು ಗಂಟೆಗಳಲ್ಲಿ ಸ್ವಲ್ಪಸ್ವಲ್ಪವೇ ಒಳಗೆ ಹಾಕಬೇಕು, ಉಪ್ಪಿನ ಜೊತೆಗೆ. ಬರೀ ನೀರು ಗಟಗಟ ಕುಡಿದರೆ ಅರ್ಧ ಮೂತ್ರವಾಗಿ ಹೋಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಸಾರು ಅನ್ನ, ಇವೆಲ್ಲ ಇಲ್ಲಿ ಚೆನ್ನಾಗಿ ಒದಗುತ್ತವೆ. ಎಳನೀರನ್ನು ಎಲ್ಲರೂ ಹೊಗಳುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಹೇರಳ, ಆದರೆ ಬೆವರಿನಲ್ಲಿ ಹೆಚ್ಚು ಹೋಗುವ ಸೋಡಿಯಂ ಕಡಿಮೆ. ಕುಡಿಯಿರಿ, ಜೊತೆಗೆ ಉಪ್ಪಿನ ಪದಾರ್ಥವೂ ಇರಲಿ. ಓಟ ಮುಗಿದ ಒಂದು ಗಂಟೆಯೊಳಗೆ ಒಂದು ಲೋಟ ಹಾಲು ಕುಡಿದರೆ ಇನ್ನೂ ಒಳ್ಳೆಯದು. ಬಿಸಿಯ ಅಭ್ಯಾಸದ ಬೆನ್ನಿಗೇ ಪ್ರೋಟೀನು, ಸಕ್ಕರೆ ಒಟ್ಟಿಗೆ ಸಿಕ್ಕರೆ ಪ್ಲಾಸ್ಮಾ ಇನ್ನಷ್ಟು ಹೆಚ್ಚುತ್ತದೆ ಎಂಬುದನ್ನು ಜಪಾನಿನ ಅಧ್ಯಯನಗಳು ತೋರಿಸಿವೆ.

ಓಟದ ದಿನಕ್ಕೂ ಇದೇ ತೂಕ ದಾರಿ ತೋರಿಸುತ್ತದೆ. ಮುಂಬೈಯಲ್ಲಿ ಮೊದಲರ್ಧ ಕತ್ತಲಿನ ತಂಪು, ಕೊನೆಯರ್ಧ ಬಿಸಿಲು. ಸರಾಸರಿ ಗಂಟೆಗೆ ಒಂದು ಲೀಟರ್ ಬೆವರು ಎಂದು ಹಿಡಿದರೆ ನಾಲ್ಕೂವರೆ ಗಂಟೆಗೆ ನಾಲ್ಕೂವರೆ ಲೀಟರ್. ದೇಹತೂಕದ ಶೇ 2ರಷ್ಟು, ಅಂದರೆ 1.3 ಕಿಲೋ ಇಳಿದರೆ ಅಡ್ಡಿಯಿಲ್ಲ. ಉಳಿದ 3.2 ಲೀಟರನ್ನು ಹಂಚಿದರೆ ಗಂಟೆಗೆ 700 ಮಿಲಿ. ಅವರ ವೇಗಕ್ಕೆ ಹೆಚ್ಚುಕಡಿಮೆ ಪ್ರತಿ ಮೂರು ಕಿಲೋಮೀಟರಿಗೆ 225 ಮಿಲಿ. ಇಷ್ಟು ನೀರು ಹೊಟ್ಟೆಯಲ್ಲಿ ಕುಲುಕಾಡಿದರೆ ಕಡಿಮೆ ಮಾಡಬೇಕೇ ಹೊರತು ಒತ್ತಾಯಿಸಬಾರದು. ಹೊಟ್ಟೆಗೂ ಅಭ್ಯಾಸ ಬೇಕು, ಆ ಎಂಟು ಬಾರಿಯ ಬಿಸಿ ಓಟದಲ್ಲೇ ಅದನ್ನೂ ಕಲಿಸಬೇಕು. ಕುಡಿಯುವುದರಲ್ಲಿ ಅರ್ಧದಷ್ಟು ಓಆರ್‌ಎಸ್ ಇರಲಿ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಹಾಕಬೇಕು, ಗಟ್ಟಿ ಮಾಡಿಕೊಂಡರೆ ಹೊಟ್ಟೆ ಕೆಡುತ್ತದೆ.

ಬಿಸಿಗೆ ಒಗ್ಗಿದವರು ಕಡಿಮೆ ಕುಡಿದರೂ ನಡೆಯುತ್ತದೆ ಎಂಬ ಮಾತು ಕೇಳಿಬರುತ್ತದೆ. ನಿಜ ಅದಕ್ಕೆ ತದ್ವಿರುದ್ಧ. ಒಗ್ಗಿದ ಮೈ ಹೆಚ್ಚು ಬೆವರುತ್ತದೆ, ಹಾಗಾಗಿ ನೀರು ಹೆಚ್ಚು ಬೇಕು, ಉಪ್ಪು ಮಾತ್ರ ಲೀಟರಿಗೆ ಮೊದಲಿಗಿಂತ ಕಡಿಮೆ ಹೋಗುತ್ತದೆ. ಇನ್ನೊಂದು ತುದಿಯ ಅಪಾಯವೂ ಇದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಇರಬೇಕಾದ ಮಟ್ಟಕ್ಕಿಂತ ಕೆಳಗಿತ್ತು. ಓಟದಲ್ಲಿ ತೂಕ ಕಳೆದುಕೊಳ್ಳುವ ಬದಲು ಏರಿಸಿಕೊಂಡವರಲ್ಲೇ ಅದು ಹೆಚ್ಚು. ನಿಧಾನವಾಗಿ ಓಡುತ್ತಾ ಪ್ರತಿ ಮೇಜಿನ ಮುಂದೆ ನಿಂತು ಕುಡಿಯುವವರು ಈ ಬಲೆಗೆ ಬೀಳುತ್ತಾರೆ. ಬೆರಳಿನ ಉಂಗುರ ಬಿಗಿಯಾಗುವುದು, ತಲೆನೋವು, ವಾಂತಿ ಬರುವಂತಾಗುವುದು ಇದರ ಸೂಚನೆಗಳು. ಆಗ ಇನ್ನಷ್ಟು ನೀರು ಕುಡಿಸುವುದು ಜೀವಕ್ಕೇ ಅಪಾಯ.

ಅಭ್ಯಾಸದ ದಿನಗಳಲ್ಲಿ ತಪ್ಪುವುದು ಹೆಚ್ಚಾಗಿ ಎರಡು ಕಡೆ. ಬಿಸಿಯಲ್ಲೂ ವೇಗ ಕಾಯ್ದುಕೊಳ್ಳುವ ಹಟ ಒಂದು. ಜ್ವರ, ಭೇದಿ, ನಿದ್ದೆಗೇಡು ಇದ್ದ ದಿನವೂ ಪಟ್ಟಿಯಲ್ಲಿದೆ ಎಂದು ಓಡುವುದು ಇನ್ನೊಂದು. ಬಿಸಿಲಲ್ಲಿ ಓಡುತ್ತಿರುವಾಗ ಮೈ ಜುಮ್ಮೆಂದು ರೋಮ ಎದ್ದರೆ, ಚಳಿ ಹುಟ್ಟಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ಜಾಕೆಟ್ ಬಿಚ್ಚಿ ನೆರಳು ಸೇರಬೇಕು. ಬೆಳಗಿನ ತೂಕ ಮೂರು ದಿನ ಬಿಡದೆ ಇಳಿಯುತ್ತಾ ಬಂದರೆ ನೀರು ಸಾಲುತ್ತಿಲ್ಲ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗುತ್ತಿರಬಹುದು, ಆಸ್ಪತ್ರೆಗೆ ಹೋಗಬೇಕು. ಹೃದ್ರೋಗ ಇದ್ದವರು, ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ನೋವಿನ ಮಾತ್ರೆ ನುಂಗಿ ಬಿಸಿಯಲ್ಲಿ ಓಡುವ ಅಭ್ಯಾಸವಿದ್ದರೆ ಅದನ್ನು ಬಿಡಬೇಕು, ನೀರು ಕಡಿಮೆಯಾದ ಹೊತ್ತಿನಲ್ಲಿ ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ಜೊತೆಗೆ ಓಡುತ್ತಿದ್ದವರು ಅಸಂಬದ್ಧ ಮಾತಾಡತೊಡಗಿದರೆ, ನೇರ ನಡೆಯಲಾಗದಿದ್ದರೆ ಅದು ಬರಿಯ ಸುಸ್ತಲ್ಲ, ಶಾಖಾಘಾತ ಎಂದೇ ತಿಳಿಯಬೇಕು. ಬೆವರುತ್ತಿದ್ದಾರೆ ಎಂದು ಸಮಾಧಾನಪಡಬೇಡಿ, ಓಟಗಾರರಿಗೆ ಶಾಖಾಘಾತವಾದಾಗ ಮೈ ಒದ್ದೆಯಾಗಿಯೇ ಇರುವುದು ಸಾಮಾನ್ಯ. ಆಂಬುಲೆನ್ಸ್‌ಗೆ ಕರೆ ಮಾಡಿ, ಅದು ಬರುವವರೆಗೆ ಕಾಯದೆ ಸಿಕ್ಕಷ್ಟು ತಣ್ಣೀರಿನಲ್ಲಿ ಅವರನ್ನು ಮುಳುಗಿಸಿ, ತಲೆ ನೀರಿನ ಮೇಲಿರುವಂತೆ ಹಿಡಿದುಕೊಳ್ಳಿ. ತೊಟ್ಟಿ ಇಲ್ಲದಿದ್ದರೆ ಮೈತುಂಬ ತಣ್ಣೀರು ಸುರಿಯುತ್ತಲೇ ಇರಿ. ಅಮೆರಿಕದ ಫಾಲ್ಮೌತ್ ಎಂಬಲ್ಲಿ ಬೇಸಿಗೆಯಲ್ಲಿ ನಡೆಯುವ 7 ಮೈಲಿ ಓಟದಲ್ಲಿ 18 ವರ್ಷಗಳಲ್ಲಿ 274 ಮಂದಿಗೆ ಶಾಖಾಘಾತವಾಯಿತು. ಗುರಿಯ ಬಳಿಯೇ ಮಂಜುಗಡ್ಡೆ ನೀರಿನ ತೊಟ್ಟಿ ಇಟ್ಟುಕೊಂಡಿದ್ದ ವೈದ್ಯರು ಅವರೆಲ್ಲರನ್ನೂ ಉಳಿಸಿದರು.

ಇಷ್ಟೆಲ್ಲ ಮಾಡಿ ಸಿಗುವುದೇನು? 2010ರಲ್ಲಿ ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಸೈಕಲ್ ಸವಾರರು ಹತ್ತು ದಿನ 40 ಡಿಗ್ರಿಯಲ್ಲಿ ಅಭ್ಯಾಸ ಮಾಡಿದ ಮೇಲೆ ಅವರ ಪ್ಲಾಸ್ಮಾ ಶೇ 6.5ರಷ್ಟು ಹೆಚ್ಚಿತು, ಬಿಸಿಯಲ್ಲಿನ ಪಂದ್ಯ ಸಾಮರ್ಥ್ಯ ಶೇ 8ರಷ್ಟು ಏರಿತು. ತಂಪಿನಲ್ಲೂ ಶೇ 6ರಷ್ಟು ಲಾಭ ಕಂಡಿತು, ಆ ತಂಪಿನ ಲಾಭ ಮುಂದಿನ ಎಲ್ಲ ಅಧ್ಯಯನಗಳಲ್ಲಿ ಸಿಕ್ಕಿಲ್ಲ. ಪ್ರಯೋಗಾಲಯದ ಈ ಅಂಕಿಯನ್ನು ನಮ್ಮ ಓಟಗಾರ್ತಿ ಹಾಗೆಯೇ ತಮ್ಮ ಗುರಿಗೆ ಅನ್ವಯಿಸಿಕೊಳ್ಳಬಾರದು. ಒಗ್ಗಿಕೊಳ್ಳುವುದರಿಂದ ತಂಪಿನ ಊರಿನಲ್ಲಿ ಓಡಿದ ಸಮಯಕ್ಕಿಂತ ಮುಂದೆ ಹೋಗುವುದಿಲ್ಲ. ಬಿಸಿ ಕಸಿಯುವುದರಲ್ಲಿ ಒಂದು ಪಾಲು ಮರಳಿ ಸಿಗುತ್ತದೆ, ಅಷ್ಟೇ. ಮುಂಬೈಯ ಸೆಕೆ ಅವರ 270 ನಿಮಿಷಕ್ಕೆ ಹದಿನೈದು ನಿಮಿಷ ಸೇರಿಸುವುದಿದ್ದರೆ, ಅದರಲ್ಲಿ ಅರ್ಧ ಉಳಿದರೂ ಒಳ್ಳೆಯ ಫಲವೆಂದೇ ನಾನು ಹೇಳುವುದು. ಆದ್ದರಿಂದ ಬೆಂಗಳೂರಿನ ತಂಪಿನಲ್ಲಿ ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡ್ ಓಡಬಲ್ಲವರು ಅಲ್ಲಿ ಆರೂವರೆ ನಿಮಿಷಕ್ಕಿಂತ ತುಸು ನಿಧಾನವಾಗಿ ಹೊರಡಬೇಕು. ಅದರಲ್ಲೂ ಕತ್ತಲೆಯ ಮೊದಲ ಎರಡು ಗಂಟೆ, ಮೈ ಹಗುರಾಗಿರುವಾಗಲೇ, ಈ ಹಿಡಿತ ಬಿಗಿಯಾಗಿರಬೇಕು.

ಒಗ್ಗಿದ್ದು ಉಳಿಯುವುದೂ ಸ್ವಲ್ಪವೇ ಕಾಲ. ಬಿಸಿಯಿಂದ ದೂರವಾದ ಮೇಲೆ ಹೃದಯಬಡಿತದ, ದೇಹದ ಉಷ್ಣಾಂಶದ ಲಾಭ ದಿನಕ್ಕೆ ಸುಮಾರು ಶೇ 2.5ರಂತೆ ಕರಗುತ್ತದೆ. ಹಾಗಾಗಿ ಡಿಸೆಂಬರ್ ಮೊದಲ ವಾರದಲ್ಲೇ ಬಿಸಿಯ ಅಭ್ಯಾಸ ಮುಗಿಸಿ ನಿರಾಳವಾದವರಿಗೆ ಜನವರಿ ಮೂರನೇ ವಾರದಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಆದರೆ ಒಮ್ಮೆ ಒಗ್ಗಿದ ಮೈ ಎರಡನೇ ಸಲ ಬೇಗ ಒಗ್ಗುತ್ತದೆ. ಮುಂಬೈ ಮುಗಿಸಿ ಒಂದು ತಿಂಗಳೊಳಗೆ ಕರಾವಳಿಯಲ್ಲಿ ಮತ್ತೊಂದು ಓಟಕ್ಕೆ ಹೆಸರು ಕೊಟ್ಟಿದ್ದರೆ ಮತ್ತೆ ಎರಡು ವಾರ ಬೇಕಿಲ್ಲ. ಕಾಲಿನ ನೋವು ಆರಿದ ಮೇಲೆ, ಅದೇ ಜಾಕೆಟ್ಟಿನಲ್ಲಿ, ಅದೇ ಹೃದಯಬಡಿತದಲ್ಲಿ ನಾಲ್ಕೈದು ದಿನ ಓಡಿದರೆ ಸಾಕು.